ಬೆಟ್ಟ ಹತ್ತಿದ ನಳಿಗೆ ಅಲ್ಲ, ಕೆಳಗೇ ಉಳಿದ ನಳಿಗೆ

ಗಾಳಿಗೂ ಭಾರ ಇದೆಯಾ ಅಂತ ನೋಡೋಕೆ ಫ್ರಾನ್ಸಿನ ವಿಜ್ಞಾನಿ ಪಾಸ್ಕಲ್ ಮಾಡಿಸಿದ ಪ್ರಯೋಗ ಅಂದ್ರೆ ಎಲ್ಲರೂ ಬೆಟ್ಟ ಹತ್ತಿದ ಕಥೆನೇ ಹೇಳ್ತಾರೆ, ನನಗೆ ಮಾತ್ರ ಅವತ್ತು ಬೆಟ್ಟ ಹತ್ತದೇ ಕೆಳಗೇ ಉಳಿದ ಗಾಜಿನ ನಳಿಗೆನೇ ದೊಡ್ಡದು ಅನ್ಸುತ್ತೆ.

ಒಂದು ಕಡೆ ಮುಚ್ಚಿದ ಉದ್ದ ನಳಿಗೆಗೆ ಪಾದರಸ ತುಂಬಿ, ಬಾಯಿಗೆ ಬೆರಳಿಟ್ಟು, ಪಾದರಸದ ಬಟ್ಟಲಲ್ಲಿ ತಲೆಕೆಳಗು ನಿಲ್ಲಿಸಿ ಬೆರಳು ತೆಗೆದ್ರೆ ಎಲ್ಲಾ ಸುರಿದು ಹೋಗಲ್ಲ, ಸಮುದ್ರಮಟ್ಟದಲ್ಲಾದ್ರೆ ಸುಮಾರು 76 ಸೆಂಟಿಮೀಟರ್ ಹತ್ರ ನಿಂತ್ಬಿಡುತ್ತೆ. ಯಾಕೆ? ಪ್ರಕೃತಿಗೆ ಖಾಲಿ ಜಾಗ ಅಂದ್ರೆ ಆಗಲ್ಲ, ಅದಕ್ಕೇ ಹಿಡ್ಕೊಂಡಿದೆ ಅನ್ನೋದು ಹಳೇ ಪಂಡಿತರ ಮಾತು. ಇಟಲಿಯ ವಿಜ್ಞಾನಿ ಟಾರಿಚೆಲ್ಲಿ 1644ರಲ್ಲೇ, ಅಲ್ಲ, ಹೊರಗಿನ ಗಾಳಿಯ ಭಾರ ಬಟ್ಟಲಿನ ಪಾದರಸವನ್ನ ಒತ್ತುತ್ತಿದೆ ಅಂದಿದ್ದ. ಕೂತು ವಾದ ಮಾಡಿದ್ರೆ ಇಬ್ಬರೂ ಸೋಲಲ್ಲ.

ಪಾಸ್ಕಲ್ ಕೇಳಿದ್ದು ಬೇರೆ ಥರ. ಗಾಳಿಯ ಭಾರವೇ ಕಾರಣ ಆದ್ರೆ ಬೆಟ್ಟದ ತುದಿಲಿ ಮೇಲಿರೋ ಗಾಳಿ ಕಮ್ಮಿ, ಪಾದರಸ ಇಳೀಬೇಕು. ಪ್ರಕೃತಿಗೆ ಖಾಲಿ ಜಾಗದ ಮೇಲಿನ ದ್ವೇಷ ಬೆಟ್ಟದ ಬುಡದಲ್ಲಿ ಜಾಸ್ತಿ, ತುದಿಲಿ ಕಮ್ಮಿ ಅಂತ ಇರುತ್ತಾ?

1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಕ್ಲೆರ್ಮೊಂನಲ್ಲಿ ಅವನ ಅಕ್ಕನ ಗಂಡ ಪೆರಿಯೇ, ಊರಿನ ಪಾದ್ರಿಗಳು, ಒಬ್ಬ ಡಾಕ್ಟರು, ಇನ್ನೂ ಕೆಲವರನ್ನ ಸಾಕ್ಷಿಗೆ ಸೇರಿಸ್ಕೊಂಡು ಮಠದ ತೋಟದಲ್ಲಿ ಮೊದಲು ಎರಡು ನಳಿಗೆ ಅಕ್ಕಪಕ್ಕ ಇಟ್ಟು ನೋಡ್ದ, ಎರಡರಲ್ಲೂ ಒಂದೇ ಮಟ್ಟ, ಇವತ್ತಿನ ಲೆಕ್ಕದಲ್ಲಿ 71 ಸೆಂಟಿಮೀಟರ್ ಚಿಲ್ಲರೆ. ಒಂದನ್ನ ಅಲ್ಲೇ ಬಿಟ್ಟು, ದಿನವಿಡೀ ನೋಡ್ತಿರಿ ಅಂತ ಒಬ್ಬ ಪಾದ್ರಿಯನ್ನ ಕೂರಿಸಿ, ಇನ್ನೊಂದನ್ನ ಪ್ಯುಯಿ ದ ಡೋಮ್ ಬೆಟ್ಟಕ್ಕೆ ಹೊತ್ಕೊಂಡು ಹೋದ. ತೋಟಕ್ಕಿಂತ ಸುಮಾರು ಒಂದು ಕಿಲೋಮೀಟರ್ ಎತ್ತರದಲ್ಲಿ ಪಾದರಸ 62.7ಕ್ಕೆ ಇಳಿದಿತ್ತು. ನಂಬದೇ ಐದು ಸಲ ಮಾಡಿದ್ರು, ಬಯಲಲ್ಲಿ, ಗುಡಿಯೊಳಗೆ, ಗಾಳಿಲಿ, ಮಂಜಲ್ಲಿ, ಪ್ರತಿ ಸಲವೂ ಅಷ್ಟೇ. ಇಳೀವಾಗ ಅರ್ಧದಾರಿಲಿ ನೋಡಿದ್ರೆ ಮಧ್ಯದ ಮಟ್ಟ.

ವಾಪಸ್ ಬಂದು ಕೇಳಿದ್ರೆ ತೋಟದ ನಳಿಗೆ ಬೆಳಗ್ಗೆಯಿಂದ ಅಲ್ಲಾಡೇ ಇಲ್ಲ! ಆ ಒಂದು ಮಾತಿಲ್ಲದಿದ್ರೆ ಅವತ್ತು ಹವಾಮಾನವೇ ಬದಲಾಗಿತ್ತು ಅಂತ ಯಾರು ಬೇಕಾದ್ರೂ ಹೇಳ್ಬಹುದಿತ್ತು, ಯಾಕಂದ್ರೆ ಮಳೆಮೋಡಕ್ಕೂ ಪಾದರಸ ಏರಿಳಿಯುತ್ತೆ.

ಇನ್ನೊಂದು ಮೋಸ ಗಾಳಿಗುಳ್ಳೆ. ತುಂಬುವಾಗ ಒಂಚೂರು ಗಾಳಿ ಒಳಗೆ ಉಳಿದ್ರೂ ಅದು ಮೇಲೆ ಸೇರಿ ಪಾದರಸವನ್ನ ಕೆಳಗೆ ತಳ್ಳುತ್ತೆ, ನೋಡೋರಿಗೆ ಬೆಟ್ಟದ ಪರಿಣಾಮ ಥರಾನೇ ಕಾಣುತ್ತೆ. ಪತ್ತೆ ಮಾಡೋದು ಸುಲಭ, ನಳಿಗೆಯನ್ನ ವಾಲಿಸ್ಬೇಕು, ಖಾಲಿ ಇದ್ರೆ ಪಾದರಸ ತುದಿವರೆಗೂ ಹೋಗಿ ಮುಟ್ಟುತ್ತೆ, ಗಾಳಿ ಇದ್ರೆ ಒಂದು ಗುಳ್ಳೆ ಉಳಿದುಬಿಡುತ್ತೆ.

ಇಷ್ಟಾದ್ರೂ ನಳಿಗೆಯ ಮೇಲ್ಭಾಗದಲ್ಲಿ ನಿಜವಾಗ್ಲೂ ಏನೂ ಇಲ್ವಾ ಅನ್ನೋದನ್ನ ಬೆಟ್ಟ ತೀರ್ಮಾನ ಮಾಡ್ಲಿಲ್ಲ. ಅಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ದ್ರವ್ಯ ತುಂಬಿದೆ ಅನ್ನೋ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್, ಗಾಳಿಯ ಭಾರವನ್ನ ಒಪ್ಕೊಂಡೇ ತನ್ನ ಮಾತು ಉಳಿಸ್ಕೊಳ್ಬಹುದಿತ್ತು.