‘ಗಾಯದ ಸ್ವಭಾವ’ ಅಂದ್ರೆ ಏನು ಬರೀಬೇಕು?

ಕೊಡಗಿನ ಸಿದ್ದಾಪುರ ಕಡೆಯ ಒಂದು ಕಾಫಿ ತೋಟದ ಆಫೀಸಿನಲ್ಲಿ ನನ್ನ ಕೆಲಸ. ಹೋದ ವರ್ಷ ಮೆಣಸು ಕೊಯ್ಯುವಾಗ ಒಬ್ಬರು ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ಇಂಥ ಅಪಘಾತದ ವರದಿ ಬರೆಯಲು ಆಗ ನಮ್ಮಲ್ಲಿದ್ದದ್ದು ಎಲ್ಲಿಂದಲೋ ಬಂದ ಇಂಗ್ಲಿಷ್ ಫಾರಂ. ಪ್ರತಿ ಸಾಲಿನ ಪಕ್ಕ ಒಂದು ಓರೆಗೆರೆ ಹಾಕಿ ಕನ್ನಡ ತುರುಕಿದ್ದರು. ಮೇಸ್ತ್ರಿ ತುಂಬಿ ತಂದದ್ದು ಹೀಗಿತ್ತು: ‘ಘಟನೆಯ ಸ್ವಭಾವ: ಸಾಧಾರಣ. ಗಾಯದ ಸ್ವಭಾವ: ಪರವಾಗಿಲ್ಲ. ಮೂಲ ಕಾರಣ: ಅಜಾಗರೂಕತೆ.’

ಮೊದಲು ನಗು ಬಂತು. ಆದರೆ ಅವರ ತಪ್ಪೇನಿದೆ? ಸ್ವಭಾವ ಅಂತ ನಾವು ಕೇಳುವುದು ಮನುಷ್ಯರದ್ದು, ಹೆಚ್ಚೆಂದರೆ ನಾಯಿಯದ್ದು. ಇಂಗ್ಲಿಷಿನ ‘ನೇಚರ್’ ಅನ್ನು ನಿಘಂಟು ನೋಡಿ ತಂದು ಕೂರಿಸಿದವರು, ಇದನ್ನು ಯಾರು ತುಂಬುತ್ತಾರೆ ಅಂತ ಯೋಚಿಸಿಯೇ ಇರಲಿಲ್ಲ.

ಹೊಸ ಫಾರಂ ಮಾಡುವ ಕೆಲಸ ನನ್ನ ತಲೆಗೆ ಬಂದಾಗ ನಾನು ಉಲ್ಟಾ ಮಾಡಿದೆ. ಮೊದಲು ಕನ್ನಡದಲ್ಲಿ ಪ್ರಶ್ನೆ ಬರೆದೆ, ಆಮೇಲೆ ಇಂಗ್ಲಿಷ್. ತುಂಬುವವರು ಮೇಸ್ತ್ರಿ, ಓದುವವರು ಮಾಲೀಕರು ಮತ್ತು ಇನ್ಶೂರೆನ್ಸಿನವರು, ಹಾಗಾಗಿ ಕನ್ನಡ ಮೇಲೆ ದಪ್ಪಕ್ಷರದಲ್ಲಿ, ಇಂಗ್ಲಿಷ್ ಅದರ ಕೆಳಗೆ ಸಣ್ಣದಾಗಿ. ‘ಗಾಯದ ಸ್ವಭಾವ’ ಹೋಯಿತು. ‘ಮೈಯ ಯಾವ ಭಾಗಕ್ಕೆ ಏಟಾಯಿತು?’ ಅಂತ ಕೇಳಿ ಪಕ್ಕದಲ್ಲಿ ಮನುಷ್ಯನ ಚಿತ್ರ ಹಾಕಿದೆ, ಏಟಾದ ಜಾಗಕ್ಕೆ ಸುತ್ತು ಹಾಕಿದರೆ ಸಾಕು. ಮುಂದಿನದು ‘ಎಂಥ ಏಟು?’ ಅದಕ್ಕೆ ಕೊಯ್ದ ಗಾಯ, ಮೂಳೆ ಮುರಿತ, ಸುಟ್ಟ ಗಾಯ, ಹಾವು ಕಡಿತ, ಜೇನು ಅಥವಾ ಕಣಜ ಕಚ್ಚಿದ್ದು, ಬೇರೆ, ಅಂತ ಟಿಕ್ ಮಾಡುವ ಚೌಕಗಳು. ಚೌಕದ ಹೆಸರು ಎರಡೂ ಭಾಷೆಯಲ್ಲಿ ಇರುವುದರಿಂದ ಟಿಕ್ ಒಂದೇ ಆದರೂ ಓದುವವರಿಗೆ ಅನುವಾದ ಬೇಕಿಲ್ಲ. ಕನ್ನಡಕ್ಕೊಂದು ಇಂಗ್ಲಿಷಿಗೊಂದು ಉತ್ತರದ ಜಾಗ ಅಂತೂ ಕೊಡಲೇಬೇಡಿ. ಎರಡು ಜಾಗ ಇದ್ದರೆ ಒಂದು ಖಾಲಿ ಬರುತ್ತದೆ, ಇಲ್ಲಾಂದ್ರೆ ಎರಡರಲ್ಲಿ ಎರಡು ಕಥೆ ಬರುತ್ತದೆ.

‘ಮೂಲ ಕಾರಣ’ ಅನ್ನುವ ಪ್ರಶ್ನೆಯೇ ದೊಡ್ಡ ತಲೆನೋವು. ಅದು ಕಂಡ ಕೂಡಲೇ ಬಿದ್ದವರ ತಪ್ಪು ಅಂತ ಬರೆದುಬಿಡುತ್ತಾರೆ. ಈಗ ಅದರ ಬದಲು ಮೂರು ಪ್ರಶ್ನೆ: ‘ಆಗುವ ಮೊದಲು ಏನು ಮಾಡುತ್ತಿದ್ದರು?’ ‘ಆಮೇಲೆ ಏನಾಯಿತು?’ ‘ಆ ಜಾಗ, ಆ ಸಾಮಾನು ಹೇಗಿತ್ತು?’ ಅದೇ ಮೇಸ್ತ್ರಿಯಣ್ಣನ ಹತ್ತಿರ ಹಳೆಯ ಘಟನೆಯನ್ನೇ ಮತ್ತೆ ಬರೆಸಿದೆ. ಸಿಲ್ವರ್ ಮರಕ್ಕೆ ಏಣಿ ಒರಗಿಸಿದ್ದು, ಇಳಿಜಾರು, ಏಣಿಯ ಕಾಲು ಒದ್ದೆ ದರಗಿನ ಮೇಲೆ ಇತ್ತು, ಏಣಿ ಹಿಡಿಯುವವನು ಚೀಲ ತರಲು ಹೋಗಿದ್ದ, ಮೇಲೆ ಹಗ್ಗ ಕಟ್ಟಿರಲಿಲ್ಲ. ಅಷ್ಟೂ ಬಂತು! ಹಳೆಯ ಫಾರಂನಲ್ಲಿ ಇದೆಲ್ಲ ‘ಅಜಾಗರೂಕತೆ’ ಅನ್ನುವ ಒಂದು ಪದದೊಳಗೆ ಹೂತುಹೋಗಿತ್ತು.

ಅಂದ ಹಾಗೆ, ಜಾಗದ ವಿಚಾರ. ಇಂಗ್ಲಿಷ್ ಫಾರಂನ ಗೆರೆಗಳ ನಡುವೆ ಕನ್ನಡ ಹಿಡಿಸುವುದಿಲ್ಲ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಎರಡಕ್ಕೂ ಜಾಗ ಬೇಕು. ನಾನು ಗೆರೆಗಳ ಅಂತರ 10 ಮಿಲಿಮೀಟರ್ ಮಾಡಿದೆ. ಇಂಗ್ಲಿಷನ್ನು ಚಂದ ಕಾಣಲಿ ಅಂತ ತಿಳಿ ಬೂದು ಬಣ್ಣದಲ್ಲಿ ಹಾಕಿದ್ದು ನನ್ನದೇ ದಡ್ಡತನ, ಜೆರಾಕ್ಸ್‌ನ ಜೆರಾಕ್ಸ್ ಮಾಡಿದಾಗ ಅದು ಮಾಯವಾಗಿತ್ತು. ಇನ್ನೊಂದು, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಮೇಲ್ ಮಾಡಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೀಚಿದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಯೂನಿಕೋಡ್‌ನಲ್ಲೇ ಮಾಡಿ, ಪಿಡಿಎಫ್ ಕಳಿಸಿ.

ಹೆಸರಿಗೆ ಎರಡು ಸಾಲು: ಆಧಾರ್‌ನಲ್ಲಿ ಇರುವಂತೆ ಒಂದು, ಲೈನ್ ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು. ಆಸ್ಪತ್ರೆ ಚೀಟಿಯಲ್ಲಿ ಒಂದು ಸ್ಪೆಲ್ಲಿಂಗ್, ನಮ್ಮ ಫಾರಂನಲ್ಲಿ ಇನ್ನೊಂದು ಆದರೆ ಕ್ಲೈಮಿಗೆ ಅಲೆದಾಟ ಶುರು. ಜಾಗಕ್ಕೂ ಅಷ್ಟೇ, ನಕ್ಷೆಯ ಬ್ಲಾಕ್ ನಂಬರಿನ ಜೊತೆ ‘ಕೆರೆ ಬದಿ’ ತರಹ ಆಳುಗಳು ಹೇಳುವ ಹೆಸರೂ ಬೇಕು.

ನನಗೆ ಜಾಸ್ತಿ ಖುಷಿ ಕೊಟ್ಟ ಬದಲಾವಣೆ ‘ನಿಯರ್ ಮಿಸ್’ನದ್ದು. ಹಳೆಯದರಲ್ಲಿ ‘ಸಮೀಪದ ತಪ್ಪುವಿಕೆ’ ಅಂತ ಇತ್ತು, ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಈಗ ‘ಸ್ವಲ್ಪದರಲ್ಲಿ ತಪ್ಪಿತು, ಏಟಾಗಲಿಲ್ಲ’ ಅಂತ ಮಾಡಿದ್ದೇನೆ. ಈ ಸಲ ಮೊದಲು ಬಂದ ಚೀಟಿಯೇ, ಅಲ್ಯೂಮಿನಿಯಂ ಏಣಿ ಎತ್ತಿ ಬೇರೆ ಮರಕ್ಕೆ ಸಾಗಿಸುವಾಗ ಕರೆಂಟ್ ತಂತಿಗೆ ಒಂದು ಗೇಣು ಹತ್ತಿರ ಹೋಗಿತ್ತು ಅಂತ. ಕೊಡಗಿನಲ್ಲಿ ಇದರಿಂದ ಜೀವ ಹೋದ ಸುದ್ದಿ ಎಲ್ಲರಿಗೂ ಗೊತ್ತಲ್ವಾ? ಆ ಸಾಲಿನ ಮರಗಳಿಗೆ ಈಗ ಕರೆಂಟ್ ತೆಗೆಸಿಯೇ ಏಣಿ ಇಡುತ್ತೇವೆ.

ಇನ್ನೂ ಸರಿ ಮಾಡಲಾಗದ್ದು ಸಹಿಯ ಜಾಗ. ಅಸ್ಸಾಂನಿಂದ ಬಂದವರಿಗೆ ಈ ಎರಡು ಭಾಷೆಯೂ ಓದಲು ಬರುವುದಿಲ್ಲ. ಮೂರನೇ ಭಾಷೆ ಸೇರಿಸಿದರೆ ಹಾಳೆ ಮತ್ತೆ ಸಂತೆ ಆಗುತ್ತದೆ. ಸದ್ಯಕ್ಕೆ ಹೆಬ್ಬೆಟ್ಟಿನ ಪಕ್ಕ ‘ಯಾವ ಭಾಷೆಯಲ್ಲಿ ಓದಿ ಹೇಳಿದಿರಿ, ಯಾರು ಹೇಳಿದ್ದು?’ ಅಂತ ಒಂದು ಸಾಲು ಇಟ್ಟಿದ್ದೇನೆ. ಬೇರೆ ತೋಟಗಳಲ್ಲಿ ಏನು ಮಾಡ್ತೀರಿ, ಹೇಳಿ.