ಆಟೋಪೇ ತೆಗೆದರೆ ಜಿಮ್ ಕರಾರು ಮುಗಿಯುವುದಿಲ್ಲ

ಜಿಮ್ ಬಿಡಬೇಕು ಅಂತ ತೀರ್ಮಾನಿಸಿದವರು ಮೊದಲು ಮಾಡುವ ಕೆಲಸ ಯುಪಿಐ ಆ್ಯಪ್ ತೆರೆದು ಆಟೋಪೇ ರದ್ದು ಮಾಡುವುದು. ಇನ್ನು ದುಡ್ಡು ಕಟ್ ಆಗಲ್ಲ ಅಂತ ನೆಮ್ಮದಿಯಾಗುತ್ತಾರೆ. ಎರಡು ತಿಂಗಳು ಬಿಟ್ಟು ಜಿಮ್‌ನಿಂದ ಫೋನ್ ಬರುತ್ತದೆ: "ಸರ್, ನಿಮ್ಮದು ರಿನ್ಯೂ ಆಗಿದೆ, ಪೇಮೆಂಟ್ ಬಾಕಿ ಇದೆ." ದುಡ್ಡು ಕಡಿಯಲು ಬ್ಯಾಂಕಿಗೆ ಕೊಟ್ಟ ಅನುಮತಿ ಒಂದು, ಜಿಮ್ ಜೊತೆಗಿನ ಕರಾರು ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿಯೇ ಮುಗಿಸಬೇಕು, ಅದೂ ಕರಾರನ್ನು ಮೊದಲು.

ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 14,400 ರೂಪಾಯಿ, ಜುಲೈ 10ಕ್ಕೆ ಶುರು, ಮುಂದಿನ ಜುಲೈ 9ಕ್ಕೆ ಮುಕ್ತಾಯ. ಫಾರಂ ಹಿಂಬದಿಯ ಸಣ್ಣಕ್ಷರದಲ್ಲಿ ಹೀಗಿದೆ: ಅವಧಿ ಮುಗಿಯುವ 30 ದಿನ ಮೊದಲು ಲಿಖಿತವಾಗಿ ತಿಳಿಸದಿದ್ದರೆ ಅಷ್ಟೇ ಅವಧಿಗೆ ನವೀಕರಣ. ಅಂದರೆ ನಿಮ್ಮ ಕಡೇ ದಿನ ಜುಲೈ 9 ಅಲ್ಲ, ಜೂನ್ 9. ಆರ್‌ಬಿಐ ನಿಯಮದಂತೆ ಆಟೋ ಡೆಬಿಟ್‌ಗೆ ಕನಿಷ್ಠ 24 ಗಂಟೆ ಮೊದಲು ಬರಬೇಕಾದ ಮೆಸೇಜು ಬರುವುದು ಹೆಚ್ಚುಕಡಿಮೆ ಜುಲೈ 9ಕ್ಕೆ. ಅಷ್ಟರಲ್ಲಿ ನೋಟಿಸ್ ಕೊಡುವ ಗಡುವು ಮುಗಿದು ತಿಂಗಳಾಗಿರುತ್ತದೆ! ಆ ಮೆಸೇಜನ್ನೇ ನಂಬಿ ಕೂತವರು ಸಿಕ್ಕಿಬೀಳುವುದು ಇಲ್ಲೇ. ಇನ್ನೊಂದು ವಿಷಯ, 15,000 ರೂಪಾಯಿವರೆಗಿನ ಇಂಥ ಕಂತಿಗೆ ಪ್ರತಿ ಸಲ ಪಿನ್ ಅಥವಾ ಒಟಿಪಿ ಬೇಕಿಲ್ಲ. 14,400 ಸದ್ದಿಲ್ಲದೆ ಹೋಗುತ್ತದೆ.

ಹಾಗಾಗಿ ಮೇ ಕೊನೆಯಲ್ಲೇ ಪತ್ರ ಹೋಗಬೇಕು. ಕೌಂಟರಿನಲ್ಲಿ ಟ್ರೇನರ್‌ಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಮುಂದಿನ ತಿಂಗಳು ಅವರೇ ಅಲ್ಲಿ ಇರುತ್ತಾರೋ ಇಲ್ಲವೋ. ಕರಾರಿನಲ್ಲಿ ಯಾವ ಇಮೇಲ್ ಅಥವಾ ವಿಳಾಸ ಬರೆದಿದೆಯೋ ಅದಕ್ಕೇ ಕಳಿಸಿ, ಅದರ ಸ್ಕ್ರೀನ್‌ಶಾಟ್ ಮ್ಯಾನೇಜರ್‌ಗೆ ವಾಟ್ಸಾಪ್ ಮಾಡಿ. ಇಷ್ಟು ಬರೆದರೆ ಸಾಕು: "ನನ್ನ ಸದಸ್ಯತ್ವ ಸಂಖ್ಯೆ ಇಂಥದ್ದು. ಅವಧಿ ಜುಲೈ 9ಕ್ಕೆ ಮುಗಿಯುತ್ತದೆ. ನವೀಕರಣ ಬೇಡ. ಇದನ್ನೇ ಕರಾರಿನ ಪ್ರಕಾರ ಕೊಟ್ಟ ನೋಟಿಸ್ ಎಂದು ಪರಿಗಣಿಸಿ. ಜುಲೈ 10ರಿಂದ ಯಾವ ಮೊತ್ತವನ್ನೂ ಕಡಿತ ಮಾಡಬೇಡಿ. ಪತ್ರ ತಲುಪಿದ್ದಕ್ಕೆ ಉತ್ತರಿಸಿ." ಎರಡು ದಿನದಲ್ಲಿ ಉತ್ತರ ಬರದಿದ್ದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ ರಸೀದಿ ಇಟ್ಟುಕೊಳ್ಳಿ.

ಕಾರಣ ಮಾತ್ರ ಬರೆಯಬೇಡಿ. ಮಂಡಿ ನೋವು ಅಂದರೆ "ಎರಡು ತಿಂಗಳು ಫ್ರೀಜ್ ಮಾಡ್ತೀವಿ ಬಿಡಿ" ಅಂತಾರೆ. ಉಪಕಾರದ ಹಾಗೇ ಕಾಣುತ್ತದೆ. ಆದರೆ ಫ್ರೀಜ್ ಆದರೆ ಮುಕ್ತಾಯದ ದಿನ ಮುಂದೆ ಹೋಗುತ್ತದೆ, ನೋಟಿಸ್ ಗಡುವೂ ಅದರ ಜೊತೆ ಸರಿಯುತ್ತದೆ, ನೀವು ಕೊಟ್ಟ ನೋಟಿಸ್ ಇನ್ನೂ ನಿಂತಿದೆಯೇ ಎಂಬ ತಕರಾರು ಹೊಸದಾಗಿ ಹುಟ್ಟುತ್ತದೆ.

ಪತ್ರ ಹೋದಮೇಲೆ ಆಟೋಪೇ. ಯಾವ ಆ್ಯಪಿನಲ್ಲಿ ಒಪ್ಪಿಗೆ ಕೊಟ್ಟಿದ್ದಿರೋ ಅದರ Autopay ಅಥವಾ Mandates ವಿಭಾಗ ತೆರೆಯಿರಿ. ಪಟ್ಟಿಯಲ್ಲಿ ಜಿಮ್ ಹೆಸರು ಕಾಣದಿದ್ದರೆ ಗಾಬರಿ ಬೇಡ, ಬಿಲ್ಲಿಂಗ್ ಕಂಪನಿಯ ಹೆಸರಿರಬಹುದು, ಮೊತ್ತ ಮತ್ತು ತಾರೀಕು ನೋಡಿ ಗುರುತಿಸಿ. Pause ಒತ್ತಬೇಡಿ, ಅದು ತಾತ್ಕಾಲಿಕ. Revoke ಅಥವಾ Cancel ಒತ್ತಿ ಪಿನ್ ಹಾಕಿ, ಆ ಅನುಮತಿಯ ಗುರುತಿನ UMN ಸಂಖ್ಯೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕಾರ್ಡಿನಿಂದ ಹೋಗುತ್ತಿದ್ದರೆ ಬ್ಯಾಂಕಿನ ಆ್ಯಪಿನಲ್ಲೇ ರದ್ದು ಮಾಡಬಹುದು, ಅದಕ್ಕೆ ಜಿಮ್‌ನ ಅನುಮತಿ ಬೇಕಿಲ್ಲ. ಒಟಿಟಿಯಂಥ ಆ್ಯಪ್ ಚಂದಾಗಳಲ್ಲಿ ಕೆಲಸ ಸುಲಭ, ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲುವುದಿಲ್ಲ ಎಂಬುದು ಗೊತ್ತಿದ್ದರಾಯಿತು. ಪ್ಲೇ ಸ್ಟೋರ್ ಮೂಲಕ ತೆಗೆದುಕೊಂಡಿದ್ದರೆ ಅಲ್ಲಿನ Subscriptions ಒಳಗೇ ಹೋಗಿ ನಿಲ್ಲಿಸಬೇಕು.

ಇಷ್ಟಾದರೂ ದುಡ್ಡು ಹೋಯಿತು ಅನ್ನಿ. ಆಟೋಪೇ ರದ್ದಾದ ಮೇಲೂ ಕಡಿತವಾಗಿದ್ದರೆ ದೂರು ಬ್ಯಾಂಕಿನ ಮೇಲೆ, 30 ದಿನದಲ್ಲಿ ಬಗೆಹರಿಯದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ. ಆಟೋಪೇ ಜೀವಂತವಿದ್ದಾಗ ಹೋಗಿದ್ದರೆ ಬ್ಯಾಂಕನ್ನು ಬೈದು ಉಪಯೋಗವಿಲ್ಲ, ಜಗಳ ಜಿಮ್ ಜೊತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ: ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಆನ್‌ಲೈನ್‌ನಲ್ಲಿ ಸೇರಿಸಿಕೊಂಡು, ಬಿಡುವವರನ್ನು ಮಾತ್ರ ಬ್ರಾಂಚಿಗೆ ಅಲೆಸುವ ಕಂಪನಿಯಾದರೆ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯನ್ನು ದೂರಿನಲ್ಲಿ ಹೆಸರಿಸಿ. ರದ್ದತಿಯನ್ನು ಬೇಕೆಂದೇ ಕಷ್ಟ ಮಾಡುವುದನ್ನು ಅದು ನಿಷೇಧಿಸಿದೆ.

ಇಎಂಐನಲ್ಲಿ ಸೇರಿದವರಿಗೆ ಮೇಲಿನ ಆಟೋಪೇ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಫೈನಾನ್ಸ್ ಕಂಪನಿ ವರ್ಷದ ಹಣವನ್ನು ಜಿಮ್‌ಗೆ ಕೊಟ್ಟಾಗಿದೆ, ನಿಮ್ಮದು ಸಾಲ. ಕಂತು ನಿಲ್ಲಿಸಿದರೆ ಏಟು ಬೀಳುವುದು ನಿಮ್ಮ ಸಿಬಿಲ್ ಸ್ಕೋರಿಗೆ. ಜಿಮ್‌ನಿಂದ ರದ್ದತಿ ಪತ್ರ ಪಡೆದು, ಹಣ ವಾಪಸ್ ಹೋಗಿ ಸಾಲ ಮುಚ್ಚಿದೆ ಎಂದು ಫೈನಾನ್ಸ್ ಕಂಪನಿ ಬರೆದುಕೊಡುವ ತನಕ ಕಂತು ಕಟ್ಟುತ್ತಲೇ ಇರಿ.