ನಿಮ್ಮ ಒಪ್ಪಿಗೆ ಬೇಕು, ಯಾವುದಕ್ಕೆ ಅಂತ ಮಾತ್ರ ಕೇಳಬೇಡಿ

ಬೆಂಗಳೂರಿನ ಸ್ಟಾಫಿಂಗ್ ಏಜೆನ್ಸಿಗಳಷ್ಟು ವಿನಯ ಬೇರೆಲ್ಲೂ ಸಿಗಲಾರದು. ನಿಮ್ಮ ರೆಸ್ಯೂಮೆಯನ್ನು ಕ್ಲೈಂಟ್ ಕಂಪನಿಗೆ ಕಳಿಸುವ ಮುನ್ನ ಒಪ್ಪಿಗೆ ಕೇಳುತ್ತಾರೆ. ಇದಕ್ಕೆ ಆರ್‌ಟಿಆರ್ ಅಂತ ಹೆಸರು, ಅಂದರೆ ‘ರೈಟ್ ಟು ರೆಪ್ರೆಸೆಂಟ್’. ‘ಈ ಹುದ್ದೆಗೆ ನನ್ನ ಪ್ರೊಫೈಲನ್ನು ನೀವು ಮಾತ್ರ ಕಳಿಸಬಹುದು, ಬೇರೆ ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ’ ಎಂದು ಬರೆದಿರುವ ಮೇಲ್‌ಗೆ `I confirm` ಅಂತ ಉತ್ತರಿಸಬೇಕು. ಜೊತೆಗೆ ಈಗಿನ ಸಿಟಿಸಿ, ಕೇಳುವ ಸಿಟಿಸಿ, ನೋಟಿಸ್ ಪೀರಿಯಡ್, ಜನ್ಮದಿನಾಂಕ, ಪ್ಯಾನ್ ನಂಬರ್. ಇಷ್ಟೆಲ್ಲ ಕೇಳುವ ಮೇಲ್‌ನಲ್ಲಿ ಕ್ಲೈಂಟ್ ಯಾರು? ‘ನಮ್ಮ ಪ್ರತಿಷ್ಠಿತ ಕ್ಲೈಂಟ್.’

ರಾಜಾಜಿನಗರದ ನಮ್ಮ ಪರಿಚಯದ ಹುಡುಗನೊಬ್ಬನಿಗೆ ಒಂದೇ ವಾರದಲ್ಲಿ ಎರಡು ಏಜೆನ್ಸಿಗಳಿಂದ ಕರೆ ಬಂತು. ಒಬ್ಬರು ಬೆಳ್ಳಂದೂರಿನ ದೊಡ್ಡ ಬ್ಯಾಂಕ್ ಅಂದರು, ಇನ್ನೊಬ್ಬರು ಔಟರ್ ರಿಂಗ್ ರೋಡಿನ ಎಂಎನ್‌ಸಿ ಅಂದರು. ಬೇರೆ ಬೇರೆ ಕೆಲಸ ಅಂದುಕೊಂಡು ಇಬ್ಬರಿಗೂ ಒಪ್ಪಿದ. ಆಮೇಲೆ ಇಬ್ಬರೂ ಕಳಿಸಿದ ಕೆಲಸದ ವಿವರಣೆ, ಅಂದರೆ ಜೆಡಿಗಳನ್ನು, ಪಕ್ಕಪಕ್ಕ ಇಟ್ಟು ನೋಡಿದರೆ ಎರಡರಲ್ಲೂ `Microservises` ಅಂತ ಒಂದೇ ತಪ್ಪು ಸ್ಪೆಲ್ಲಿಂಗ್! ಗುಟ್ಟು ಕಾಪಾಡಲು ಕ್ಲೈಂಟ್ ಹೆಸರು ಅಳಿಸಿದವರು ಕ್ಲೈಂಟ್‌ನ ಕಾಗುಣಿತವನ್ನು ಹಾಗೇ ಬಿಟ್ಟಿದ್ದರು.

ಕ್ಲೈಂಟ್‌ನ ಪೋರ್ಟಲ್‌ಗೆ ಇಂಥ ಮರೆವು ಇರುವುದಿಲ್ಲ. ಮೊಬೈಲ್, ಮೇಲ್ ಅಥವಾ ಪ್ಯಾನ್ ಹೊಂದಿಕೆಯಾದರೆ ಎರಡನೆಯ ಪ್ರೊಫೈಲ್ ‘ಡೂಪ್ಲಿಕೇಟ್’. ಸಾಮಾನ್ಯವಾಗಿ ಮೊದಲು ಹಾಕಿದವರದೇ ಹಕ್ಕು. ತಗಾದೆ ಬೇಡವೆಂದು ಅಭ್ಯರ್ಥಿಯನ್ನೇ ಕೈಬಿಡುವ ಕಂಪನಿಗಳೂ ಉಂಟು. ಆಗ ಎರಡೂ ಏಜೆನ್ಸಿಗಳು ಆ ಹುಡುಗನ `I confirm` ಮೇಲ್ ಎತ್ತಿ ಹಿಡಿದು ‘ನಮ್ಮ ಕ್ಯಾಂಡಿಡೇಟ್’ ಎಂದು ಜಗಳಕ್ಕೆ ನಿಂತವು. ಆ ಒಪ್ಪಿಗೆ ಕಾಯುವುದು ಅವನ ಪ್ಯಾನ್ ನಂಬರನ್ನಲ್ಲ, ಅವರ ಕಮಿಷನ್ನನ್ನು. ಬೈಗುಳ ಮಾತ್ರ ಅವನಿಗೆ: “ಎರಡು ಕಡೆ ಯಾಕ್ರೀ ಕೊಟ್ರಿ? ಪ್ರೊಫೆಷನಲಿಸಂ ಬೇಡ್ವಾ?”

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಓದಿದರೆ ನಗು ಬರುತ್ತದೆ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಆಗಬೇಕು. ಒಪ್ಪಿಗೆ ಕೇಳುವ ಬರಹ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ, ಅಂದರೆ ಕನ್ನಡದಲ್ಲೂ, ಓದಲು ಸಿಗಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಾಗ ಇದನ್ನೆಲ್ಲ ಪಾಲಿಸಲು 18 ತಿಂಗಳ ಗಡುವು ಕೊಟ್ಟರು. ಕಂಪನಿಗಳಿಗೆ 18 ತಿಂಗಳು. ಅಭ್ಯರ್ಥಿಗೆ? “ಸರ್, 10 ನಿಮಿಷದಲ್ಲಿ ಕನ್ಫರ್ಮ್ ಮಾಡಿ, ಪೊಸಿಷನ್ ಕ್ಲೋಸ್ ಆಗ್ತಿದೆ.”

ಹುಡುಗನೂ ಬಿಡಲಿಲ್ಲ. ಎರಡನೇ ಏಜೆನ್ಸಿಗೆ ಫೋನ್ ಮಾಡಿ, “ಮೇಡಂ, ನನ್ನ ಒಪ್ಪಿಗೆ ವಾಪಸ್ ತಗೊಳ್ತಿದೀನಿ, ಪ್ರೊಫೈಲ್ ತೆಗೆಸಿ” ಅಂದ.

“ಆಯ್ತು ಸರ್. ಯಾವ ಕ್ಲೈಂಟ್‌ದು ಅಂತ ಹೆಸರು ಹಾಕಿ ಒಂದು ಮೇಲ್ ಕಳಿಸಿಬಿಡಿ.”

“ಹೆಸರು ನೀವೇ ಹೇಳ್ಬೇಕಲ್ಲ ಮೇಡಂ?”

“ಅಯ್ಯೋ, ಅದು ಕಾನ್ಫಿಡೆನ್ಷಿಯಲ್ ಸರ್.”